ಕಫನ್ ಕಟ್ಟಿದ ಮೇಲೆ ಕಲೆ ಕಂಡರೆ

"ಅಪ್ಪನಿಗೆ ಕಫನ್ ಕಟ್ಟಿದ ಮೇಲೆ ಬಟ್ಟೆಯಲ್ಲಿ ಕಲೆ ಕಂಡಿತು. ಆ ಜಾಗ ಮಾತ್ರ ತೊಳೆದು, ಬಟ್ಟೆ ಬದಲಿಸಿ ಜನಾಝ ನಮಾಝ್ ಮಾಡಿದೆವು. ಮತ್ತೆ ಪೂರ್ತಿ ಮೀಯಿಸಬೇಕಿತ್ತಾ? ಯಾವ ಮದ್‌ಹಬ್ ಪ್ರಕಾರ ಹೋಗುವುದು ಹೆಚ್ಚು ಸುರಕ್ಷಿತ?"

ಬೇಕಿರಲಿಲ್ಲ. ನೀವು ಸರಿಯಾಗಿಯೇ ಮಾಡಿದ್ದೀರಿ, ತಪ್ಪಿದ್ದು ನಾನು. ಚಿಕ್ಕಪ್ಪನ ಮಯ್ಯತ್‌ಗೆ ಹೀಗೇ ಆದಾಗ ಗಂಟು ಬಿಚ್ಚಿಸಿ ಇನ್ನೊಮ್ಮೆ ಪೂರ್ತಿ ಮೀಯಿಸಿದೆ. ಮೈ ಹೊರಳಿಸಿದ್ದೇ ತಡ, ಮತ್ತೆ ಸೋರಿತು. ಹೊಸ ಬಟ್ಟೆ ತರಿಸುವಷ್ಟರಲ್ಲಿ ಅಸರ್ ಹೊತ್ತಿಗೆ ಆಗಬೇಕಿದ್ದ ದಫನ್ ಇಶಾ ದಾಟಿತು.

ನಿಜವಾದ ತಪ್ಪು ಅದಕ್ಕೂ ಮುಂಚೆ, ಒಳಗಿನದು ಹೊರಬರಲೆಂದು ಹೊಟ್ಟೆ ಒತ್ತುವಾಗಲೇ ಆಗಿತ್ತು. ನಾನು ಅದನ್ನು ಮೂರು ಸಲ ನೀರು ಹೊಯ್ದಾದ ಮೇಲೆ, ಅಂಗಾತ ಮಲಗಿದ್ದ ಹಾಗೆಯೇ ಒತ್ತಿದ್ದೆ. ಮಲಗಿದ ದೇಹದಲ್ಲಿ ಒಳಗಿನದು ಪೂರ್ತಿ ಕೆಳಗಿಳಿಯುವುದಿಲ್ಲ. ಎತ್ತುವಾಗ, ಹೊರಳಿಸುವಾಗ, ಕಫನ್ ಬಿಗಿಯುವಾಗ ಹೊರಬರುತ್ತದೆ. ಶಾಫಿ ಪಂಥದ ಇಮಾಮ್ ನವವಿ (ನಿಧನ 1277) ಇದನ್ನು ಮೊಟ್ಟಮೊದಲಿಗೆ ಮಾಡಲು ಹೇಳುತ್ತಾರೆ: ಮಯ್ಯತ್ತನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ ಕೂರಿಸಬೇಕು. ಮೀಯಿಸುವವರ ಬಲಗೈ ಭುಜದ ಮೇಲೆ, ಹೆಬ್ಬೆರಳು ಕತ್ತಿನ ಹಿಂದಿನ ಕುಳಿಯಲ್ಲಿ, ಬಲ ಮೊಣಕಾಲು ಬೆನ್ನಿಗೆ ಆಸರೆ. ಎಡಗೈಯಿಂದ ಹೊಟ್ಟೆಯನ್ನು ಬಿಗಿಯಾಗಿ ನೀವಬೇಕು. ಹೆಬ್ಬೆರಳು ಅಲ್ಲಿರದಿದ್ದರೆ ತಲೆ ವಾಲುತ್ತದೆ. ಆಮೇಲೆ ಮಲಗಿಸಿ, ಎಡಗೈಗೆ ಬಟ್ಟೆ ಸುತ್ತಿಕೊಂಡು ಮರ್ಮಸ್ಥಾನ ತೊಳೆದು, ಆ ಬಟ್ಟೆ ಎಸೆದು ಬೇರೆ ಬಟ್ಟೆ ಸುತ್ತಿಕೊಳ್ಳಬೇಕು. ವುಝೂ, ತಲೆ, ಬಲ ಮಗ್ಗುಲು, ಎಡ ಮಗ್ಗುಲು ಎಲ್ಲ ಇದರ ನಂತರ.

ಹನಫಿ ಪಂಥದ ಮರ್ಗೀನಾನಿ (ನಿಧನ 1197) ಕ್ರಮ ಬೇರೆ. ಎರಡೂ ಮಗ್ಗುಲು ತೊಳೆದ ಮೇಲೆ ಮಯ್ಯತ್ತನ್ನು ತನಗೇ ಒರಗಿಸಿ ಕೂರಿಸಿಕೊಂಡು ಹೊಟ್ಟೆಯನ್ನು ಮೆದುವಾಗಿ ನೀವಲು ಹೇಳುತ್ತಾರೆ. ಕಫನ್ ಮಲಿನವಾಗದಿರಲಿ ಎಂಬುದೇ ಅದಕ್ಕೆ ಅವರು ಕೊಡುವ ಕಾರಣ. ಕ್ರಮ ಬೇರೆಯಾದರೂ ಇಬ್ಬರೂ ಕೂರಿಸುತ್ತಾರೆ, ಅದನ್ನು ಗಮನಿಸಿ. ನಾನು ಕೂರಿಸಲಿಲ್ಲ.

ಇನ್ನು "ಸುರಕ್ಷಿತ" ಎಂಬ ಮಾತು. ಇನ್ನೊಮ್ಮೆ ಮೀಯಿಸಿದರೆ ಪುಣ್ಯ ಹೆಚ್ಚು, ನಷ್ಟವಂತೂ ಇಲ್ಲ ಎಂದು ನಾನೂ ಅಂದುಕೊಂಡಿದ್ದೆ. ಧರ್ಮಶಾಸ್ತ್ರ ಬಲ್ಲ ಫುಕಹಾಗಳ ಲೆಕ್ಕಾಚಾರ ಹಾಗಿಲ್ಲ. ಮರ್ಗೀನಾನಿ ವಾದ ಇಷ್ಟೇ: ಮಯ್ಯತ್ತನ್ನು ಮೀಯಿಸಬೇಕೆಂದು ನಮಗೆ ಗೊತ್ತಾದದ್ದು ನಸ್ಸ್‌ನಿಂದ, ಅಂದರೆ ಶಾಸನವಾಕ್ಯದಿಂದ. ಅದು ಒಮ್ಮೆ ನೆರವೇರಿತು. ಆಮೇಲೆ ಏನಾದರೂ ಹೊರಬಂದರೆ ಅದನ್ನು ತೊಳೆಯಿರಿ. ಗುಸ್ಲ್ ಆಗಲಿ ವುಝೂ ಆಗಲಿ ಮರುಕಳಿಸುವುದಿಲ್ಲ. ನವವಿಯ ತೀರ್ಮಾನವೂ ನಜಸ್, ಅಂದರೆ ಹೊರಬಂದ ಹೊಲಸು, ತೆಗೆದರೆ ಸಾಕು ಎಂಬುದೇ. ಗುಪ್ತಾಂಗದಿಂದ ಬಂದರೆ ಗುಸ್ಲ್ ಮರುಕಳಿಸಬೇಕೆಂಬ ಅಭಿಪ್ರಾಯವೂ ಆ ಪಂಥದಲ್ಲಿದೆ. ಅದನ್ನು ಅವರು ದುರ್ಬಲವೆಂದೇ ದಾಖಲಿಸುತ್ತಾರೆ.

ಎಲ್ಲರಿಗಿಂತ ಬಿಗಿ ಹಂಬಲಿ ಪಂಥದವರು. ಮೂರು ಸಲ ಮೀಯಿಸಿದ ಮೇಲೆ ಏನಾದರೂ ಬಂದರೆ ಐದಕ್ಕೆ, ಮತ್ತೂ ಬಂದರೆ ಏಳಕ್ಕೆ ಏರಿಸುತ್ತಾರೆ, ಆಮೇಲೆ ಹತ್ತಿ ತುರುಕುತ್ತಾರೆ. ಆದರೆ ಕಫನ್ ಕಟ್ಟಿದ ಮೇಲೆ ಬಂದರೆ ಅವರೂ ನಿಲ್ಲಿಸುತ್ತಾರೆ. ಇಬ್ನ್ ಖುದಾಮ (ನಿಧನ 1223) ಕೊಡುವ ಕಾರಣ ಓದಿದಾಗ ನನ್ನ ಆ ಸಂಜೆಯನ್ನೇ ನೋಡಿ ಬರೆದಂತಿತ್ತು: ಮಯ್ಯತ್ತನ್ನು ಹೊರತೆಗೆಯಬೇಕು, ಮೀಯಿಸಬೇಕು, ಕಫನ್ ತೊಳೆದು ಒಣಗಿಸಬೇಕು ಅಥವಾ ಬದಲಿಸಬೇಕು, ಇಷ್ಟಾದರೂ ಎರಡನೇ ಸಲ, ಮೂರನೇ ಸಲ ಮತ್ತೆ ಆಗುವುದಿಲ್ಲವೆಂಬ ಭರವಸೆಯಿಲ್ಲ. ಅತಿ ಬಿಗಿಯಾದವರೇ ಬೇಡವೆಂದದ್ದನ್ನು ನಾನು ಜಾಗ್ರತೆ ಎಂದು ಕರೆದೆ. ಜನಾಝವನ್ನು ಬೇಗ ಸಾಗಿಸಿ ಎಂಬ ಹದೀಸನ್ನೂ ಮರೆತೆ.

ನೀವು ಕಲೆ ತೊಳೆದದ್ದು ವ್ಯರ್ಥವಲ್ಲ. ಶಾಫಿಗಳಲ್ಲಿ ನಮಾಝ್ ಸಿಂಧುವಾಗಲು ಮಯ್ಯತ್ ಶುದ್ಧವಾಗಿರಬೇಕು. ಹಾಗಾಗಿ ನಾಲ್ಕು ತಕ್ಬೀರ್‌ಗೆ ನಿಲ್ಲುವ ಮುಂಚೆ ನಜಸ್ ತೆಗೆದದ್ದು ಸರಿಯಾದ ಹೆಜ್ಜೆ.

ನಾನಾದರೆ ಈಗ ಕಫನ್ ಬಿಗಿಯುವ ಮೊದಲು, ಕರ್ಪೂರದ ಪುಡಿ ಹಚ್ಚಿದ ಹತ್ತಿಯನ್ನು ಪೃಷ್ಠದ ನಡುವೆ ಇಟ್ಟು, ಎರಡೂ ತುದಿ ಸೀಳಿದ ಪಟ್ಟಿಯಿಂದ ಲಂಗೋಟಿಯಂತೆ ಕಟ್ಟುತ್ತೇನೆ. ಹತ್ತಿಯನ್ನು ಒಳಗೆ ತುರುಕುವುದಿಲ್ಲ. ಕಾರಣವಿಲ್ಲದೆ ತುರುಕುವುದು ಮಯ್ಯತ್‌ನ ಗೌರವಕ್ಕೆ ಕುಂದು ಎಂದು ಶಾಫಿ ಫುಕಹಾಗಳು ಆಕ್ಷೇಪಿಸುತ್ತಾರೆ. ಸೋರುವಿಕೆ ನಿಲ್ಲದಿದ್ದಾಗ ಮಾತ್ರ ಅದಕ್ಕೆ ಅವಕಾಶ.