ಟೇಕಾಫ್ ಆದ ಮೇಲಿನ ದಾರಿ ಪೈಲಟ್‌ಗೆ ಮೊದಲೇ ಗೊತ್ತಿರುತ್ತೆ

"ಎಲ್ಲಿ ತಿರುಗಬೇಕು, ಎಷ್ಟು ಏರಬೇಕು ಅಂತ ಕಂಟ್ರೋಲರ್ ಪ್ರತಿ ವಿಮಾನಕ್ಕೂ ರೇಡಿಯೋದಲ್ಲಿ ಹೇಳ್ತಾರಾ? ಊರಿಗೆ ಶಬ್ದ ಕಡಿಮೆ ಆಗೋದು ಹೇಗೆ?"

ಸಾಮಾನ್ಯವಾಗಿ ಹೇಳಲ್ಲ. ಮೊದಲೇ ಗೊತ್ತುಮಾಡಿದ ನಿರ್ಗಮನ ಮಾರ್ಗಕ್ಕೆ ಒಂದು ಹೆಸರಿರುತ್ತೆ: ಒಂದು ಬಿಂದುವಿನ ಹೆಸರು, ಒಂದು ಅಂಕಿ, ಬಹಳಷ್ಟು ದೇಶಗಳಲ್ಲಿ ಕೊನೆಗೊಂದು ಅಕ್ಷರ. ವಿಮಾನ ಇನ್ನೂ ಗೇಟ್‌ನಲ್ಲಿರುವಾಗಲೇ ಕಂಟ್ರೋಲರ್ ಆ ಹೆಸರು ಹೇಳ್ತಾರೆ, ಪೈಲಟ್ ಅದನ್ನೇ ತಿರುಗಿ ಓದ್ತಾರೆ. ತಿರುವು, ಎತ್ತರದ ಮಿತಿ, ವೇಗ ಎಲ್ಲ ಆ ಹೆಸರಿನ ನಕ್ಷೆಯಲ್ಲೇ ಇರುತ್ತೆ. ಇಲ್ಲದಿದ್ದರೆ ಪ್ರತಿ ತಿರುವಿಗೂ ಒಂದು ಸೂಚನೆ, ಅದಕ್ಕೊಂದು ಮರು-ಓದು, ಅದೂ ಪೈಲಟ್ ಚಕ್ರ ಮಡಚಿ ರೆಕ್ಕೆಯ ಫ್ಲಾಪ್ ಒಳಗೆಳೆಯುತ್ತಿರುವ ಹೊತ್ತಲ್ಲಿ.

ಆ ಅಂಕಿ ಮುಖ್ಯ. ಮಾರ್ಗವನ್ನು ಪರಿಷ್ಕರಿಸಿದಾಗ ಅಂಕಿಯೂ ಬದಲಾಗುತ್ತೆ. ಕಂಟ್ರೋಲರ್ 3 ಅಂದು, ವಿಮಾನದ ಕಂಪ್ಯೂಟರ್ 2 ತೋರಿಸಿದರೆ ಅದರಲ್ಲಿರುವ ಡೇಟಾ ಹಳೆಯದಿರಬಹುದು, ಹೊರಡುವ ಮೊದಲೇ ಕೇಳಿಕೊಳ್ಳಬೇಕು.

ಇಳಿಯಲು ಬರುವ ವಿಮಾನಕ್ಕೂ ಇಂಥದ್ದೇ ಆಗಮನ ಮಾರ್ಗ ಇರುತ್ತೆ, ಶಬ್ದದ ವಿಷಯದಲ್ಲಿ ಅದಕ್ಕೇ ನನ್ನ ಹೆಚ್ಚು ಅಂಕ. ಎತ್ತರಗಳು ಮೊದಲೇ ಗೊತ್ತಿದ್ದರೆ ವಿಮಾನ ಎಂಜಿನ್ ತಗ್ಗಿಸಿಕೊಂಡೇ ಜಾರಿ ಇಳಿಯಬಹುದು. ಮಧ್ಯೆ ಸಮತಟ್ಟಾಗಿ ಹಾರಲು ಎಂಜಿನ್ ಬಲ ಏರಿಸಬೇಕಿಲ್ಲ. ನಿರ್ಗಮನದಲ್ಲಿ ದಾರಿಯನ್ನು ನದಿ, ಬಯಲಿನ ಮೇಲೆ ತಿರುಗಿಸ್ತಾರೆ. ಆದರೆ ಉಪಗ್ರಹ ಆಧಾರಿತ ಮಾರ್ಗದಲ್ಲಿ ಎಲ್ಲ ವಿಮಾನಗಳೂ ಒಂದೇ ಗೆರೆ ಹಿಡಿಯುತ್ತವೆ. ಒಟ್ಟು ಜನರಿಗೆ ಶಬ್ದ ಕಡಿಮೆಯಾದರೂ ಆ ಗೆರೆಯ ಕೆಳಗಿನವರಿಗೆ ಹೆಚ್ಚುತ್ತೆ.