ಪೋಳೆಂ ಬಾಟಲಿಯ ಲೆಕ್ಕ

"ನಿಮಗೇನ್ರೀ, ಗೋವಾ ಪಕ್ಕದಲ್ಲೇ ಇದೆ, ಅಗ್ಗದ ಎಣ್ಣೆ" ಅಂತ ಕಾರವಾರದ ನಮಗೆ ಬೆಂಗಳೂರಿನವರು ಹೇಳದ ದಿನವಿಲ್ಲ. ಹೌದು, ಕಾಳಿ ಸೇತುವೆ ದಾಟಿ, ಸದಾಶಿವಗಡ, ಮಾಜಾಳಿ ಕಳೆದರೆ ಗೋವಾದ ಪೋಳೆಂ. ಕಾರವಾರದಿಂದ 15 ಕಿ.ಮೀ. ಆಸುಪಾಸು. ಅಲ್ಲಿ ಅಬಕಾರಿ ತೆರಿಗೆ ನಮ್ಮಲ್ಲಿಗಿಂತ ಕಡಿಮೆ. ಆ ಅಗ್ಗದ ಬಾಕಿಯನ್ನು ಯಾರು ತೀರಿಸುತ್ತಾರೆ ಅನ್ನುವುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಲೆಕ್ಕಕ್ಕೆಂದು ಒಂದು ಊರು ಇಟ್ಟುಕೊಳ್ಳಿ, ಅಂಕಿಗಳೆಲ್ಲ ನನ್ನ ಕಲ್ಪನೆ. ಬಾಟಲಿಗೆ ತಗಲುವ ವೆಚ್ಚ 100 ರೂಪಾಯಿ. ಕುಡಿದವನ ಗಾಡಿಗೆ ಸಿಕ್ಕವನ ಕಾಲು, ಆಸ್ಪತ್ರೆಯ ಹಾಸಿಗೆ, ಹೆಂಡತಿ ಮಕ್ಕಳ ಪಾಡು, ಇವೆಲ್ಲ ಸೇರಿ ಪ್ರತಿ ಬಾಟಲಿಗೆ ಬೇರೆಯವರ ತಲೆಗೆ 60. ಈ 60 ಅಂಗಡಿಯ ಬಿಲ್ಲಿನಲ್ಲಿ ಬರುವುದಿಲ್ಲ. ಬೆಲೆ 100 ಇದ್ದಾಗ ದಿನಕ್ಕೆ 1000 ಬಾಟಲಿ ಹೋಗುತ್ತದೆ, 160 ಆದರೆ 700. ನಡುವಿನ 300 ಬಾಟಲಿಗಳಿಗೆ ಕುಡಿಯುವವನೇ 160 ಕೊಡಲು ಒಪ್ಪುವುದಿಲ್ಲ, ಊರಿಗೆ ಮಾತ್ರ ಅಷ್ಟು ತಗಲುತ್ತದೆ. ಹಾಗಾಗಿ ಊರಿಗೆ ಹಿತವಾದದ್ದು 700, ಮಾರುಕಟ್ಟೆ ಮಾರುವುದು 1000. ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ಪಿಗೂ 1920ರಲ್ಲಿ ಹೇಳಿದ್ದು ಇಷ್ಟೇ: ಆ 60ನ್ನು ತೆರಿಗೆಯಾಗಿ ಬೆಲೆಗೆ ಸೇರಿಸಿ, ಕುಡಿಯುವವನೇ ಅಳೆದು ನೋಡಲಿ. ಪೂರ್ತಿ ನಿಲ್ಲಿಸಿ ಅಂತ ಅವನು ಹೇಳಲಿಲ್ಲ, 700 ಸೊನ್ನೆಯಲ್ಲವಲ್ಲ.

ಈಗ ಗಡಿಯನ್ನು ಎಳೆಯಿರಿ. ಪೋಳೆಂನಲ್ಲಿ ತೆರಿಗೆ 10, ಬೆಲೆ 110. ಒಂದು ಬಾಟಲಿಗೆ ಉಳಿತಾಯ 50. ಸ್ಕೂಟರಿನಲ್ಲಿ ಹೋಗಿಬರಲು ಪೆಟ್ರೋಲ್ 70. ವಾರಕ್ಕೊಂದು ಬಾಟಲಿ ಕುಡಿಯುವವನಿಗೆ ಹೋದರೆ 20 ರೂಪಾಯಿ ಲುಕ್ಸಾನು, ಅವನು ಊರಲ್ಲೇ ಕೊಂಡು ತೆರಿಗೆ ಕಟ್ಟುತ್ತಾನೆ. ಆರು ಬಾಟಲಿಯವನಿಗೆ 230 ಲಾಭ, ಅವನು ಹೊರಟೇ ಬಿಡುತ್ತಾನೆ. ಯಾರನ್ನು ತಡೆಯಲು ತೆರಿಗೆ ಹಾಕಿದೆವೋ ಅವನೇ ತಪ್ಪಿಸಿಕೊಂಡ, ಪಾಪದವನು ಕಟ್ಟಿದ.

ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಸೀಟಿನಡಿಯ ಬಾಟಲಿ ಸಿಕ್ಕೀತು. ಹೊಟ್ಟೆಯೊಳಗಿನದು? ಭಾನುವಾರ ಸಂಜೆ ಹೆದ್ದಾರಿ 66ರ ಬದಿಗೆ ನಿಂತು ನೋಡಿ. ಅಲ್ಲೇ ಕುಡಿದು ಬರುವವರ ಹೆಡ್‌ಲೈಟು ಗೆರೆ ಬಿಟ್ಟು ಆಚೀಚೆ ತೂರಾಡುತ್ತ ಬರುತ್ತದೆ, ಮೀನು ಮಾರಿ ಮನೆಗೆ ನಡೆಯುವ ಹೆಂಗಸರು ಬುಟ್ಟಿ ಸಮೇತ ಮಣ್ಣಿಗೆ ಇಳಿಯುತ್ತಾರೆ. ಮನೆ ಹತ್ತಿರ ಕುಡಿದು ನಡೆದುಹೋಗುತ್ತಿದ್ದವನನ್ನು ನಮ್ಮ ತೆರಿಗೆಯೇ ಗಾಡಿ ಹತ್ತಿಸಿತು. ತೆರಿಗೆ ಪಣಜಿಗೆ, ಗಾಯಾಳು ಕಾರವಾರದ ಆಸ್ಪತ್ರೆಗೆ.

ಹಾಗಾದರೆ ಗಡಿ ತಾಲೂಕಿಗೆ ಮಾತ್ರ ತೆರಿಗೆ ಇಳಿಸಿ ಎನ್ನುತ್ತೀರಾ? ದರ 60ರಿಂದ 25ಕ್ಕೆ ಬಂದರೆ ಉಳಿತಾಯ ಬಾಟಲಿಗೆ 15, ಪೆಟ್ರೋಲ್ ಹುಟ್ಟಲು ಐದು ಬಾಟಲಿ ಬೇಕು, ಪೋಳೆಂ ಸವಾರಿ ಕಡಿಮೆಯಾಗುವುದು ಖರೆ. ಆದರೆ ಊರಲ್ಲಿ ಬಾಟಲಿಗೆ ಬೆಲೆ 125 ಆಗಿ ಮಾರಾಟ 700ರಿಂದ 875ಕ್ಕೆ ಏರುತ್ತದೆ. ಮೇಲಾಗಿ, ಪಕ್ಕದ ಅಂಕೋಲಾದವರು ಡಿಕ್ಕಿ ಖಾಲಿ ಮಾಡಿಕೊಂಡು ಕಾರವಾರಕ್ಕೆ ಬರಲು ಶುರು ಮಾಡುತ್ತಾರೆ.