ನೆಟ್ ಇಲ್ಲದ ಊರಿನಲ್ಲಿ ತುಂಬಿದ ಮಾಹಿತಿ ಎಲ್ಲಿ ಕಳೆದುಹೋಗುತ್ತದೆ?

ಪ್ರಶ್ನೆ: ನಮ್ಮ ಸಮೀಕ್ಷೆ ಆ್ಯಪ್ ಬಳಸೋರು ನೆಟ್‌ವರ್ಕ್ ಸಿಗದ ಹಳ್ಳಿಗಳಲ್ಲಿ ಓಡಾಡ್ತಾರೆ. ಮಾಹಿತಿನ ಫೋನ್‌ನಲ್ಲೇ ಉಳಿಸಿ, ನೆಟ್ ಬಂದಾಗ ಸರ್ವರ್‌ಗೆ ಕಳಿಸ್ತೀವಿ. ಆದ್ರೂ ಕೆಲವು ಎಂಟ್ರಿ ಕಾಣೆಯಾಗ್ತಿವೆ, ಕೆಲವು ಎರಡೆರಡು ಸಲ ಬರ್ತಿವೆ. ತಪ್ಪು ಎಲ್ಲಿರಬಹುದು?

ಉತ್ತರ:

ನಾನು ಮಲೆನಾಡಿನ ಅಡಿಕೆ ತೋಟಗಳಲ್ಲಿ ಎಲೆಚುಕ್ಕಿ ರೋಗದ ಸಮೀಕ್ಷೆಗೆ ಇಂಥದ್ದೇ ಆ್ಯಪ್ ಮಾಡಿದ್ದೇನೆ. ನೀವು ಹೇಳಿದ ಎರಡೂ ತೊಂದರೆ ನಮಗೂ ಬಂದಿದ್ದವು. ಹುಡುಕುತ್ತಾ ಹೋದಾಗ ಗೊತ್ತಾಗಿದ್ದು ಇಷ್ಟು: ನೆಟ್ ಇಲ್ಲದಿರುವಾಗ ಡೇಟಾ ಅಷ್ಟಾಗಿ ಕಳೆಯುವುದಿಲ್ಲ. ನೆಟ್ ಅರೆಬರೆ ಇರುವಾಗ ಜಾಸ್ತಿ ಕಳೆಯುತ್ತದೆ.

ಅದಕ್ಕೂ ಮೊದಲು ಒಂದು ವಿಷಯ ನೋಡಿ. ಕೆಲವು ಎಂಟ್ರಿಗಳು ನಿಮ್ಮ ಸಿಂಕ್‌ವರೆಗೆ ಬಂದೇ ಇರುವುದಿಲ್ಲ. ನಮ್ಮ ಕಾರ್ಯಕರ್ತೆಯೊಬ್ಬರು ತೋಟದಲ್ಲಿ ನಿಂತು ಹತ್ತು ಪ್ರಶ್ನೆಗೆ ಉತ್ತರ ತುಂಬಿ, ಸೋಗೆಯ ಫೋಟೋ ತೆಗೆಯಲು ಕ್ಯಾಮೆರಾ ಗುಂಡಿ ಒತ್ತಿದರು. ಫೋಟೋ ತೆಗೆದು ವಾಪಸ್ ಬಂದರೆ ಫಾರ್ಮ್ ಖಾಲಿ! ಅವರ ಫೋನಿನಲ್ಲಿದ್ದದ್ದು 2 ಜಿಬಿ ರ‍್ಯಾಮ್. ಕ್ಯಾಮೆರಾಗೆ ಜಾಗ ಬೇಕು ಅಂತ ಆಂಡ್ರಾಯ್ಡ್ ಹಿಂದಿದ್ದ ನಮ್ಮ ಆ್ಯಪನ್ನೇ ಮುಚ್ಚಿತ್ತು. ನಮ್ಮ ಮೇಜಿನ ಮೇಲಿನ ಫೋನಿನಲ್ಲಿ ಇದು ಒಮ್ಮೆಯೂ ಆಗಿರಲಿಲ್ಲ. ಹಾಗಾಗಿ 'ಉಳಿಸಿ' ಗುಂಡಿಗಾಗಿ ಕಾಯಬೇಡಿ. ಫಾರ್ಮ್ ತೆರೆದ ಕ್ಷಣವೇ ಫೋನಿನ ಡೇಟಾಬೇಸ್‌ನಲ್ಲಿ ಒಂದು ಸಾಲು ಮಾಡಿ, ಪ್ರತಿ ಉತ್ತರ ಮುಗಿದ ಕೂಡಲೇ ಅಲ್ಲಿಗೆ ಬರೆಯಿರಿ. 'ಉಳಿಸಿ' ಒತ್ತಿದಾಗ ಅದು ಕರಡಿನಿಂದ ಕಳಿಸಬಹುದಾದ ಎಂಟ್ರಿ ಆಗುತ್ತದೆ, ಅಷ್ಟೇ. ಇದನ್ನು ಪರೀಕ್ಷಿಸಲು ಫೋನಿನ ಡೆವಲಪರ್ ಆಯ್ಕೆಗಳಲ್ಲಿ `Don't keep activities` ಆನ್ ಮಾಡಿ ಕ್ಯಾಮೆರಾ ತೆರೆದು ನೋಡಿ. ಆ್ಯಪ್ ಪೂರ್ತಿ ಮುಚ್ಚಿದ್ದಕ್ಕೆ ಇದು ಸಮ ಅಲ್ಲ, ಆದರೂ ಪರದೆ ಮತ್ತೆ ಹುಟ್ಟುವಾಗ ಏನು ಉಳಿಯುತ್ತದೆ ಅಂತ ಗೊತ್ತಾಗುತ್ತದೆ.

ಈಗ ಎರಡೆರಡು ಸಲ ಬರುವ ವಿಷಯ. ಅದೇ ಕಾರ್ಯಕರ್ತೆ ಒಂದು ತೋಟದಲ್ಲಿ 40 ಮರಕ್ಕೆ ರೋಗ ಅಂತ ಬರೆದು ಬಸ್ ಹತ್ತಿದರು ಅಂದುಕೊಳ್ಳಿ. ಘಾಟಿಯ ಒಂದು ತಿರುವಿನಲ್ಲಿ ನೆಟ್ ಬಂತು. ಫೋನ್ ಎಂಟ್ರಿ ಕಳಿಸಿತು, ಸರ್ವರ್ ಅದನ್ನು ಬರೆದುಕೊಂಡಿತು, 'ಸಿಕ್ಕಿತು' ಅಂತ ಉತ್ತರವನ್ನೂ ಕೊಟ್ಟಿತು. ಅಷ್ಟರಲ್ಲಿ ಬಸ್ ಮುಂದಿನ ತಿರುವು ದಾಟಿತ್ತು. ಉತ್ತರ ಫೋನಿಗೆ ತಲುಪಲೇ ಇಲ್ಲ. ಎಂಟ್ರಿ ಹೋಗಲಿಲ್ಲವೋ, ಉತ್ತರ ಬರಲಿಲ್ಲವೋ ಅಂತ ಫೋನಿಗೆ ತಿಳಿಯುವ ದಾರಿಯೇ ಇಲ್ಲ. ಮತ್ತೆ ಕಳಿಸುವುದು ಸರಿಯೇ. ಕಳಿಸದಿದ್ದರೆ ಡೇಟಾ ಹೋದೀತು. ಆದರೆ ಸಾಲಿನ ನಂಬರನ್ನು ಸರ್ವರ್ ಕೊಡುವ ಹಾಗಿದ್ದರೆ ಎರಡನೇ ಸಲ ಹೊಸ ಸಾಲು ಹುಟ್ಟುತ್ತದೆ. 40 ಹೋಗಿ 80 ಮರ ಆಗುತ್ತದೆ.

ಹಾಗಾಗಿ ಎಂಟ್ರಿಯ ಗುರುತು ಫೋನಿನಲ್ಲೇ ಹುಟ್ಟಬೇಕು. ಫಾರ್ಮ್ ತೆರೆದಾಗ `UUID.randomUUID()` ಮಾಡಿ ಅದನ್ನೇ ಕೊನೆವರೆಗೂ ಇಟ್ಟುಕೊಳ್ಳಿ. ಒಂದೇ ಗುರುತಿನ ಎಂಟ್ರಿ ಹತ್ತು ಸಲ ಬಂದರೂ ಸರ್ವರ್‌ನಲ್ಲಿ ಒಂದೇ ಸಾಲು ಇರಬೇಕು, ಹತ್ತೂ ಸಲ 'ಸಿಕ್ಕಿತು' ಅಂತಲೇ ಹೇಳಬೇಕು. 'ಇದು ಆಗಲೇ ಇದೆ' ಅಂತ ಎರರ್ ಕೊಟ್ಟರೆ ಫೋನ್ ಅದನ್ನು ಸೋಲು ಅಂದುಕೊಂಡು ಕಳಿಸುತ್ತಲೇ ಇರುತ್ತದೆ.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆವು. ಆಮೇಲೆ ನಿಜವಾದ ಕಳವು ಸಿಕ್ಕಿತು. ಎಂಟ್ರಿ ದಾರಿಯಲ್ಲಿರುವಾಗಲೇ ಆ ಕಾರ್ಯಕರ್ತೆ ಅದನ್ನು ಮತ್ತೆ ತೆರೆದು 40 ಅನ್ನು 45 ಮಾಡಿದರು. ಆ ಹೊತ್ತಿಗೆ ಹಳೆಯದಕ್ಕೆ 'ಸಿಕ್ಕಿತು' ಅಂತ ಬಂತು. ಆ್ಯಪ್ ಆ ಎಂಟ್ರಿಗೆ 'ಕಳಿಸಿದೆ' ಅಂತ ಗುರುತು ಹಾಕಿತು. ಫೋನಿನಲ್ಲಿ 45, ಸರ್ವರ್‌ನಲ್ಲಿ 40, ಮತ್ತೆ ಅದು ಯಾವತ್ತೂ ಹೋಗುವುದಿಲ್ಲ. ಯಾವ ಎರರ್ ಕೂಡ ಕಾಣುವುದಿಲ್ಲ. `synced` ಅಂತ ಹೌದು-ಇಲ್ಲ ಕಾಲಂ ಇಟ್ಟಿದ್ದರೆ ನಿಮ್ಮಲ್ಲೂ ಇದು ಆಗುತ್ತಿರಬಹುದು.

ಆ ಕಾಲಂ ತೆಗೆದು ಎರಡು ಅಂಕಿ ಇಡಿ. ತಿದ್ದಿದಾಗಲೆಲ್ಲ `rev` ಒಂದು ಹೆಚ್ಚಾಗಲಿ, ಅದೂ ಉತ್ತರ ಬರೆಯುವ ಅದೇ ಟ್ರಾನ್ಸಾಕ್ಷನ್‌ನಲ್ಲಿ. ಸರ್ವರ್ ಯಾವ `rev` ಸಿಕ್ಕಿತು ಅಂತ ಹೇಳುತ್ತದೋ ಅದು `acked_rev` ಆಗಲಿ. `rev > acked_rev` ಇರುವ ಮುಗಿದ ಎಂಟ್ರಿಗಳೆಲ್ಲ ಇನ್ನೂ ಕಳಿಸಬೇಕಾದವು. ಮೇಲಿನ ಕತೆಯಲ್ಲಿ `rev` 2 ಆಗಿರುತ್ತದೆ, ಬಂದ ಉತ್ತರ 1ಕ್ಕೆ. ಹಾಗಾಗಿ 45 ಮುಂದಿನ ಸಲ ತಾನಾಗಿ ಹೋಗುತ್ತದೆ. ಸರ್ವರ್ ಕಡೆ ಪೋಸ್ಟ್‌ಗ್ರೆಸ್‌ನಲ್ಲಿ ಇಷ್ಟು ಸಾಕು:

```sql
INSERT INTO visits (id, rev, affected)
VALUES ($1, $2, $3)
ON CONFLICT (id) DO UPDATE
SET rev = EXCLUDED.rev, affected = EXCLUDED.affected
WHERE visits.rev < EXCLUDED.rev;
```

ತಡವಾಗಿ ಬಂದ ಹಳೆಯ ಪ್ರತಿ ಹೊಸದನ್ನು ಅಳಿಸದಂತೆ ಕೊನೆಯ ಸಾಲು ತಡೆಯುತ್ತದೆ. ಇದಕ್ಕೆ ಫೋನಿನ ಗಡಿಯಾರ ಬಳಸಬೇಡಿ. ಬ್ಯಾಟರಿ ಪೂರ್ತಿ ಇಳಿದ ಫೋನಿನಲ್ಲಿ ತಾರೀಖು ಎಲ್ಲೋ ಇರಬಹುದು.

ಇದು ನಡೆಯುವುದು ಒಂದು ಎಂಟ್ರಿಯನ್ನು ಒಬ್ಬರೇ, ಒಂದೇ ಫೋನಿನಿಂದ ತಿದ್ದುವಾಗ ಮಾತ್ರ. ನಾವು ಬೇಕೆಂದೇ ಹಾಗೆ ಮಾಡಿಕೊಂಡೆವು. ಒಂದೇ ತೋಟಕ್ಕೆ ಇನ್ನೊಬ್ಬರು ಹೋದರೆ ಹಳೆಯ ಸಾಲು ತಿದ್ದುವುದಿಲ್ಲ, ಹೊಸ ಭೇಟಿ ಅಂತ ಹೊಸ ಸಾಲು ಹಾಕುತ್ತಾರೆ. ನಿಮ್ಮಲ್ಲೂ ಸಾಧ್ಯವಾದರೆ ಹೀಗೇ ಮಾಡಿ. ಇಬ್ಬರ ತಿದ್ದುಪಡಿ ಸೇರಿಸುವ ತಲೆನೋವು ಹತ್ತಿರವೂ ಬರುವುದಿಲ್ಲ.

ಕಳಿಸುವ ಕೆಲಸ `WorkManager`ಗೆ ಬಿಡಿ. ಆದರೆ ಅದನ್ನೇ ನಂಬಿ ಕೂರಬೇಡಿ. ಕೆಲವು ಫೋನ್‌ಗಳು ಬ್ಯಾಟರಿ ಉಳಿಸಲು ಅದನ್ನು ತಡೆಯುತ್ತವೆ. ಆ್ಯಪ್ ತೆರೆದಾಗಲೂ ಒಮ್ಮೆ ಕಳಿಸಿ. ಫೋಟೋ ಬೇರೆ ಕಳಿಸಿ, ಇಲ್ಲದಿದ್ದರೆ 3 ಎಂಬಿ ಫೋಟೋ ಹಿಂದೆ ಅರ್ಧ ಕೆಬಿ ಎಂಟ್ರಿ ಸುಮ್ನೆ ಸಿಕ್ಕಿಬೀಳುತ್ತದೆ. ಒಂದು ಎಂಟ್ರಿಯನ್ನು ಸರ್ವರ್ ತಪ್ಪು ಅಂತ ತಿರಸ್ಕರಿಸಿದರೆ ಅದನ್ನು ಪಕ್ಕಕ್ಕಿಟ್ಟು ಮುಂದಿನದಕ್ಕೆ ಹೋಗಿ. ನಮ್ಮಲ್ಲಿ ಒಬ್ಬರ ಫೋನಿನಲ್ಲಿ ಸರ್ವೆ ನಂಬರ್ ಖಾಲಿ ಇದ್ದ ಒಂದೇ ಎಂಟ್ರಿ ಹಿಂದಿನ ಎಲ್ಲವನ್ನೂ ತಡೆದು ನಿಲ್ಲಿಸಿತ್ತು.

ಇನ್ನೊಂದು ಜಾಗ ನಿಮ್ಮ ಕೋಡ್‌ನಲ್ಲೇ ಇದೆಯಾ ಅಂತ ಇವತ್ತೇ ಹುಡುಕಿ: `fallbackToDestructiveMigration`. ರೂಮ್ ಬಳಸುವಾಗ ಟೇಬಲ್ ಬದಲಾಗಿ, ಅದಕ್ಕೆ ತಕ್ಕ ಮೈಗ್ರೇಷನ್ ಬರೆದಿರದಿದ್ದರೆ, ಇದು ಹಳೆಯ ಟೇಬಲ್‌ಗಳನ್ನು ಅಳಿಸಿ ಹೊಸದಾಗಿ ಕಟ್ಟುತ್ತದೆ. ಇನ್ನೂ ಕಳಿಸದ ಎಂಟ್ರಿಗಳೂ ಅದರ ಜೊತೆಗೇ ಹೋಗುತ್ತವೆ. ಲಾಗೌಟ್ ಕೂಡ ಹಾಗೆಯೇ. ಲಾಗಿನ್ ಅವಧಿ ಮುಗಿದು ಸರ್ವರ್ 401 ಅಂದಾಗ ಡೇಟಾಬೇಸ್ ಖಾಲಿ ಮಾಡುವ ಕೋಡ್ ಇದ್ದರೆ ತೆಗೆದುಬಿಡಿ. ಬಾಕಿ ಇರುವಾಗ ಲಾಗೌಟ್ ಬಿಡಲೇಬೇಡಿ. '7 ಎಂಟ್ರಿ ಇನ್ನೂ ಹೋಗಿಲ್ಲ' ಅಂತ ಮೊದಲ ಪರದೆಯಲ್ಲೇ ದೊಡ್ಡದಾಗಿ ತೋರಿಸಿ. ನಮ್ಮವರು ಅದು 0 ಆದ ಮೇಲೆಯೇ ಪೇಟೆ ಬಿಟ್ಟು ಮನೆಗೆ ಹೊರಡುತ್ತಾರೆ.

ಪರೀಕ್ಷೆಗೆ ಏರೋಪ್ಲೇನ್ ಮೋಡ್ ಸಾಲದು. ಅದರಲ್ಲಿ ನೆಟ್ ಒಂದಿಷ್ಟೂ ಇರುವುದಿಲ್ಲ, ಹಾಗಾಗಿ ಉತ್ತರ ದಾರಿಯಲ್ಲಿ ಕಳೆಯುವ ಪ್ರಸಂಗವೇ ಬರುವುದಿಲ್ಲ. ಟೆಸ್ಟ್ ಸರ್ವರ್‌ನಲ್ಲಿ ಡೇಟಾ ಬರೆದು ಕಮಿಟ್ ಆದ ಮೇಲೆ, ಉತ್ತರ ಕೊಡದೆ ಸಂಪರ್ಕ ಕಡಿಯುವ ಹಾಗೆ ಮಾಡಿ. ಅದು ನಡೆಯುತ್ತಿರುವಾಗಲೇ ಫೋನಿನಲ್ಲಿ 40 ಅನ್ನು 45 ಮಾಡಿ. ಆಮೇಲೆ ಸಂಪರ್ಕ ಸರಿಮಾಡಿ ನೋಡಿ: ಸರ್ವರ್‌ನಲ್ಲಿ ಒಂದೇ ಸಾಲು, ಅದರಲ್ಲಿ 45 ಇರಬೇಕು. ಎರಡು ಸಾಲು ಬಂದರೆ ಗುರುತು ಫೋನಿನಲ್ಲಿ ಹುಟ್ಟುತ್ತಿಲ್ಲ, 40 ಉಳಿದರೆ `rev` ಲೆಕ್ಕ ತಪ್ಪಿದೆ.